ನಲವತ್ತು ನಿಮಿಷ ಹೆಚ್ಚಿಗೆ ಬರುವ ಉತ್ತರ

ಬೋಧನಾಭ್ಯಾಸದಲ್ಲಿ ಐದನೇ ತರಗತಿಗೆ ಕಾಲದ ಲೆಕ್ಕಗಳನ್ನು ತೆಗೆದುಕೊಳ್ಳುವ ಪ್ರಶಿಕ್ಷಣಾರ್ಥಿಗಳು ಪ್ರಯಾಣದ ಅವಧಿಯನ್ನು ಸಾಮಾನ್ಯವಾಗಿ ಕಳೆಯುವ ಲೆಕ್ಕವಾಗಿಯೇ ಕಲಿಸುತ್ತಾರೆ. ತಲುಪಿದ ವೇಳೆಯ ಕೆಳಗೆ ಹೊರಟ ವೇಳೆ ಬರೆದು ಕಳೆಯುವುದು. ತೊಡಕಿರುವುದು ಎರವಲು ತರುವಲ್ಲಿ.

ಬಸ್ಸು ಬೆಳಿಗ್ಗೆ 9:50ಕ್ಕೆ ಹೊರಟು 11:20ಕ್ಕೆ ತಲುಪಿತು ಎನ್ನೋಣ. ದಶಮಾಂಶದಂತೆ 11.20ರಲ್ಲಿ 9.50 ಕಳೆದ ಮಗು 1.70 ಎಂದು ಬರೆದು, ‘1 ಗಂಟೆ 70 ನಿಮಿಷ’ ಎಂದು ಓದುತ್ತದೆ. ಸರಿಯುತ್ತರ 1 ಗಂಟೆ 30 ನಿಮಿಷ. ಎರವಲು ತಂದ ಒಂದು ಗಂಟೆಯನ್ನು 60ರ ಬದಲು 100 ಎಂದು ಎಣಿಸಿದ್ದರಿಂದ 40 ನಿಮಿಷ ಹೆಚ್ಚಾಗಿದೆ. ಯಾವ ವೇಳೆ ಕೊಟ್ಟರೂ ಈ ತಪ್ಪಿನ ಅಳತೆ ಅಷ್ಟೇ. ಉತ್ತರ ಪತ್ರಿಕೆಯಲ್ಲಿ ಸರಿಯಾಗಿ 40 ನಿಮಿಷದ ವ್ಯತ್ಯಾಸ ಕಂಡರೆ ಕಾರಣಕ್ಕಾಗಿ ಹೆಚ್ಚು ಹುಡುಕಬೇಕಿಲ್ಲ.

70 ನಿಮಿಷ ಎಂಬುದು ಮಗುವಿಗೇ ವಿಚಿತ್ರವೆನಿಸಬಹುದು. ಆದರೆ 9:55ಕ್ಕೆ ಹೊರಟು 11:10ಕ್ಕೆ ತಲುಪಿದ ಲೆಕ್ಕ ಕೊಟ್ಟು ನೋಡಿ. ಅದೇ ತಪ್ಪು ಹಾದಿಯಲ್ಲಿ 1 ಗಂಟೆ 55 ನಿಮಿಷ ಬರುತ್ತದೆ. ನೋಡಲು ಏನೂ ಕೊರತೆಯಿಲ್ಲ. ಸರಿಯುತ್ತರ 1 ಗಂಟೆ 15 ನಿಮಿಷ. ಹೊರಟ ನಿಮಿಷ ತಲುಪಿದ ನಿಮಿಷಕ್ಕಿಂತ 40ಕ್ಕೂ ಹೆಚ್ಚಿದ್ದಾಗ ತಪ್ಪು ಹೀಗೆ ಅಡಗಿಕೊಳ್ಳುತ್ತದೆ. ಆದ್ದರಿಂದ ಮೊದಲ ದಿನಕ್ಕೆ 9:50ರಂಥ ಲೆಕ್ಕ, ಮೌಲ್ಯಮಾಪನಕ್ಕೆ 9:55ರಂಥದ್ದು. ಪಾಠ ಯೋಜನೆ ಬರೆಯುವಾಗ ಸಂಖ್ಯೆಗಳನ್ನು ಕೈಗೆ ಬಂದಂತೆ ಹಾಕಬಾರದು.

ಕಳೆಯುವುದಕ್ಕೆ ಮೊದಲು ಕಾಲರೇಖೆಯ ಮೇಲೆ ಜಿಗಿಸುವುದು ಒಳ್ಳೆಯದು. 9:50ರಿಂದ 10ಕ್ಕೆ 10 ನಿಮಿಷ, ಅಲ್ಲಿಂದ 11ಕ್ಕೆ 1 ಗಂಟೆ, ಮತ್ತೆ 20 ನಿಮಿಷ. ಎರವಲಿನ ಮಾತೇ ಇಲ್ಲ. ರಾತ್ರಿ ಬಸ್ಸಿಗೂ ಇದೇ ದಾರಿ. ರಾತ್ರಿ 9:45ರಿಂದ ಬೆಳಿಗ್ಗೆ 6:20ರವರೆಗಿನ ಪ್ರಯಾಣಕ್ಕೆ ದೊಡ್ಡದರಲ್ಲಿ ಚಿಕ್ಕದು ಕಳೆದು ‘3 ಗಂಟೆ 25 ನಿಮಿಷ’ ಎನ್ನುವ ಮಕ್ಕಳಿದ್ದಾರೆ. ರೇಖೆಯಲ್ಲಾದರೆ 10ಕ್ಕೆ 15 ನಿಮಿಷ, ಮಧ್ಯರಾತ್ರಿಗೆ 2 ಗಂಟೆ, ಬೆಳಗಿನ 6ಕ್ಕೆ 6 ಗಂಟೆ, ಕೊನೆಗೆ 20 ನಿಮಿಷ: ಒಟ್ಟು 8 ಗಂಟೆ 35 ನಿಮಿಷ. ಮಧ್ಯರಾತ್ರಿಯಲ್ಲಿ ಒಂದು ಗುರುತು ಹಾಕಿಸಿದರೆ ದಿನ ಬದಲಾದದ್ದು ಕಣ್ಣಿಗೇ ಕಾಣುತ್ತದೆ.

ದಿನಾಂಕಗಳಿಗೆ ಬಂದಾಗ ಅದೇ ರೇಖೆ ಇನ್ನೊಂದು ಪ್ರಶ್ನೆ ಎತ್ತುತ್ತದೆ: ಎಣಿಸಬೇಕಾದ್ದು ಜಿಗಿತಗಳನ್ನೋ, ನಿಂತ ಜಾಗಗಳನ್ನೋ? 2024ರ ಫೆಬ್ರವರಿ 28ರಿಂದ ಮಾರ್ಚ್ 3ರವರೆಗೆ ಒಂದು ಶಿಬಿರ ಎಂದಿಟ್ಟುಕೊಳ್ಳಿ. ಅದು ಅಧಿಕ ವರ್ಷ. 28, 29, 1, 2, 3 ಎಂದು ಐದು ದಿನ ಹಾಜರಿ ಹಾಕಬೇಕು. ಮಲಗಿದ್ದು ಮಾತ್ರ ನಾಲ್ಕು ರಾತ್ರಿ. ‘ಎಷ್ಟು ದಿನ?’ ಎಂದಷ್ಟೇ ಕೇಳಿದರೆ ನಾಲ್ಕು ಎಂದ ಮಗುವನ್ನು ತಪ್ಪೆನ್ನುವುದು ಕಷ್ಟ. ‘ಮೊದಲ ಮತ್ತು ಕೊನೆಯ ದಿನವೂ ಸೇರಿ’ ಎಂಬ ಮಾತು ಪ್ರಶ್ನೆಯಲ್ಲೇ ಇರಬೇಕು.