ಒಂದು ಅಕ್ಷರ ಬದಲಾದರೆ: ಔಷಧಕ್ಕೆ ಬಗ್ಗದ ಕ್ಷಯ

ಕ್ಷಯಕ್ಕೆ ಆರು ತಿಂಗಳು ಮಾತ್ರೆ ತಗೊಂಡ್ರೆ ವಾಸಿಯಾಗುತ್ತೆ ಅಂತ ನಾವೆಲ್ಲ ಕೇಳಿದ್ದೇವೆ. ಈ ಆರು ತಿಂಗಳ ಲೆಕ್ಕ ನಿಂತಿರುವುದು ಮುಖ್ಯವಾಗಿ ರಿಫಾಂಪಿಸಿನ್ ಎಂಬ ಔಷಧದ ಮೇಲೆ. ಅದು ಕೈಕೊಟ್ಟರೆ ಚಿಕಿತ್ಸೆಯ ಲೆಕ್ಕವೇ ಬದಲಾಗುತ್ತದೆ.

ಬ್ಯಾಕ್ಟೀರಿಯಾ ತನ್ನ ಡಿಎನ್‌ಎಯಿಂದ ಆರ್‌ಎನ್‌ಎ ನಕಲು ತೆಗೆಯುವುದು ಆರ್‌ಎನ್‌ಎ ಪಾಲಿಮರೇಸ್ ಎಂಬ ಕಿಣ್ವದಿಂದ. ರಿಫಾಂಪಿಸಿನ್ ಆ ಕಿಣ್ವದ ಒಂದು ಸಂದಿಯಲ್ಲಿ ಕೂತು, ಹೊರಬರುವ ಆರ್‌ಎನ್‌ಎ ಎಳೆಗೆ ಅಡ್ಡ ನಿಲ್ಲುತ್ತದೆ. ಆ ಸಂದಿಯ ಆಕಾರ ಬರೆದಿಟ್ಟಿರುವುದು `rpoB` ಎಂಬ ಜೀನ್‌ನಲ್ಲಿ. ಅಲ್ಲಿ ಒಂದು ಕಡೆ `TCG` ಇದ್ದದ್ದು `TTG` ಆದರೆ ಸಾಕು, ಸೆರೀನ್ ಇರಬೇಕಾದ ಜಾಗಕ್ಕೆ ಲ್ಯೂಸಿನ್ ಬರುತ್ತದೆ. ಔಷಧ ಅಲ್ಲಿ ಸರಿಯಾಗಿ ಕೂರೋದಿಲ್ಲ. ರಿಫಾಂಪಿಸಿನ್ ನಿರೋಧಕತೆ ತರುವ ಬದಲಾವಣೆಗಳಲ್ಲಿ ಸುಮಾರು 95% ಇದೇ ಜೀನ್‌ನ 81 ಅಕ್ಷರಗಳ ಒಂದು ತುಣುಕಿನಲ್ಲೇ ಸಿಗುತ್ತವೆ. ಹಾಗಾಗಿ ಎಲ್ಲಿ ಹುಡುಕಬೇಕು ಅನ್ನೋದು ಮೊದಲೇ ಗೊತ್ತು.

ಹಳೆಯ ವಿಧಾನ ಕಫದಿಂದ ಬ್ಯಾಕ್ಟೀರಿಯಾ ಬೆಳೆಸಿ ನೋಡುವುದು. ಇದು ಒಂದರಿಂದ ಎರಡಾಗಲು ಸುಮಾರು 20 ಗಂಟೆ ಬೇಕು, ಹಾಗಾಗಿ ಫಲಿತಾಂಶಕ್ಕೆ ವಾರಗಟ್ಟಲೆ ಕಾಯಬೇಕು. 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಜೀನ್‌ಎಕ್ಸ್‌ಪರ್ಟ್ ಯಂತ್ರ ಬೆಳೆಸುವ ಗೋಜಿಗೇ ಹೋಗುವುದಿಲ್ಲ. ಕಫವನ್ನು ದ್ರಾವಣದಲ್ಲಿ ಕಲಸಿ ಕಾರ್ಟ್ರಿಡ್ಜ್‌ಗೆ ಹಾಕಿದರೆ, ಆ 81 ಅಕ್ಷರಗಳ ತುಣುಕನ್ನು ಪಿಸಿಆರ್‌ನಲ್ಲಿ ಮತ್ತೆ ಮತ್ತೆ ದ್ವಿಗುಣಗೊಳಿಸುತ್ತದೆ. ಐದು ಪ್ರೋಬ್‌ಗಳು ಆ ತುಣುಕನ್ನು ಭಾಗ ಭಾಗವಾಗಿ ಹಂಚಿಕೊಂಡಿರುತ್ತವೆ. ತನ್ನ ಭಾಗ ಮೂಲ ರೂಪದಲ್ಲೇ ಇದ್ದರೆ ಪ್ರೋಬ್ ಅಂಟಿಕೊಂಡು ಬೆಳಗುತ್ತದೆ.

ಒಂದು ಉದಾಹರಣೆ ನೋಡಿ. A, B, C, D ಪ್ರೋಬ್‌ಗಳು 22–23ನೇ ಸುತ್ತಿಗೆ ಬೆಳಗಿದವು, E ಬೆಳಗಲೇ ಇಲ್ಲ. ನಾಲ್ಕು ಬೆಳಗಿವೆ ಅಂದ್ರೆ ಕ್ಷಯದ ಡಿಎನ್‌ಎ ಇದೆ. E ಕತ್ತಲಾಗಿದೆ ಅಂದ್ರೆ ಅದರ ಭಾಗದಲ್ಲಿ ಅಕ್ಷರ ಬದಲಾಗಿದೆ. ನಾವು ಮೇಲೆ ನೋಡಿದ `TCG` ಇರುವುದು ಅಲ್ಲೇ. ಪರದೆಯ ಮೇಲೆ `Rif Resistance DETECTED` ಎಂದು ಬರುತ್ತದೆ. ಇಷ್ಟಕ್ಕೆ ಸುಮಾರು ಎರಡು ಗಂಟೆ. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ಮತ್ತು ಗೋವಾದ ಮೋಲ್‌ಬಯೋ ರೂಪಿಸಿದ ಟ್ರೂನ್ಯಾಟ್ ಬ್ಯಾಟರಿಯಲ್ಲೂ ನಡೆಯುತ್ತದೆ. ಅದರಲ್ಲಿ ಮೊದಲ ಚಿಪ್ ಕ್ಷಯ ಇದೆ ಅಂದರೆ ಮಾತ್ರ ಎರಡನೇ ಚಿಪ್ ರಿಫಾಂಪಿಸಿನ್ ಬಗ್ಗೆ ನೋಡುತ್ತದೆ.

ಆದರೆ ಯಂತ್ರ ನೋಡುವುದು ತಾನು ನೋಡಬೇಕೆಂದಿರುವ ಜಾಗವನ್ನಷ್ಟೇ. ಆಫ್ರಿಕಾದ ಸ್ವಾಜಿಲ್ಯಾಂಡ್‌ನಲ್ಲಿ (ಇಂದಿನ ಎಸ್ವಾಟಿನಿ) 2009ರ ಸಮೀಕ್ಷೆಯ ಬಹುಔಷಧ ನಿರೋಧಕ ತಳಿಗಳಲ್ಲಿ ಸುಮಾರು 30%ಗೆ ಬದಲಾವಣೆ ಇದ್ದದ್ದು 81 ಅಕ್ಷರಗಳ ಆಚೆ. ಅಂಥ ತಳಿ ಬಂದರೆ ಐದೂ ಪ್ರೋಬ್ ಬೆಳಗುತ್ತವೆ, ವರದಿ ನಿರೋಧಕತೆ ಇಲ್ಲ ಅನ್ನುತ್ತದೆ. ಮಾತ್ರೆ ತಗೊಂಡರೂ ಕಫದಲ್ಲಿ ಬ್ಯಾಕ್ಟೀರಿಯಾ ಕಾಣ್ತಾನೇ ಇದ್ದರೆ, ಬೆಳೆಸಿ ನೋಡುವ ಹಳೆಯ ವಿಧಾನವೇ ಬೇಕು. ಇನ್ನೊಂದು ಮಿತಿ, ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಗೂ ಯಂತ್ರ ಸ್ಪಂದಿಸುತ್ತದೆ. ಆದ್ದರಿಂದ ಚಿಕಿತ್ಸೆ ಫಲಿಸುತ್ತಿದೆಯೇ ಎಂದು ಅಳೆಯಲು ಇದನ್ನು ಬಳಸುವುದಿಲ್ಲ.

ಇನ್ನು ಚಿಕಿತ್ಸೆ ಯಾಕೆ ಉದ್ದ? ಕ್ಷಯದ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಹೆಚ್ಚುಕಡಿಮೆ ನಿದ್ದೆಯಲ್ಲಿರುತ್ತವೆ. ಬೆಳೆಯುತ್ತಿರುವವನ್ನು ಕೊಲ್ಲುವ ಔಷಧ ಇವನ್ನು ಮುಟ್ಟುವುದು ಕಷ್ಟ. ಇವನ್ನು ಆಗಾಗ ಎಚ್ಚರವಾದ ಗಳಿಗೆಯಲ್ಲೇ ಹಿಡಿಯುವುದು ರಿಫಾಂಪಿಸಿನ್‌ನ ಹೆಗ್ಗಳಿಕೆ. ಅದಿಲ್ಲದಿದ್ದಾಗ ಉಳಿದ ಔಷಧಗಳು ಇವು ಒಂದೊಂದಾಗಿ ಏಳುವವರೆಗೆ ಕಾಯಬೇಕು. ಹೀಗಾಗಿ ಹಳೆಯ ಪದ್ಧತಿ 18–20 ತಿಂಗಳವರೆಗೆ ಎಳೆಯುತ್ತಿತ್ತು. ಅದರಲ್ಲಿ ತಿಂಗಳುಗಟ್ಟಲೆ ಕನಮೈಸಿನ್‌ನಂಥ ಚುಚ್ಚುಮದ್ದು, ಅದರಿಂದ ಎಷ್ಟೋ ಮಂದಿಗೆ ಶಾಶ್ವತ ಕಿವುಡುತನ.

ಈಗ ಬೆಡಾಕ್ವಿಲಿನ್, ಪ್ರಿಟೊಮಾನಿಡ್, ಲಿನೆಜೋಲಿಡ್, ಮಾಕ್ಸಿಫ್ಲಾಕ್ಸಾಸಿನ್ ಸೇರಿಸಿದ ಆರು ತಿಂಗಳ ಪದ್ಧತಿ ಬಂದಿದೆ. 2024ರಲ್ಲಿ ಭಾರತವೂ ಒಪ್ಪಿದೆ. ಅವಧಿ ಕಡಿಮೆಯಾದರೂ ದಾರಿ ಸಲೀಸಲ್ಲ. ಲಿನೆಜೋಲಿಡ್ ಬ್ಯಾಕ್ಟೀರಿಯಾದ ರೈಬೋಸೋಮ್‌ಗೆ ಹೊಡೆಯುತ್ತದೆ. ನಮ್ಮ ಮೈಟೊಕಾಂಡ್ರಿಯಾದ ರೈಬೋಸೋಮ್ ಅದನ್ನೇ ಹೋಲುತ್ತದೆ, ಹಾಗಾಗಿ ಪೆಟ್ಟು ನಮಗೂ ಬೀಳುತ್ತದೆ: ಕಾಲು ಜೋಮು ಹಿಡಿಯುವುದು, ರಕ್ತಹೀನತೆ, ಕೆಲವರಿಗೆ ದೃಷ್ಟಿ ಮಂಜಾಗುವುದು. ಬೆಡಾಕ್ವಿಲಿನ್ ಹೃದಯ ಬಡಿತದ ವಿದ್ಯುತ್ ಲಯವನ್ನು ಬದಲಿಸಬಹುದು, ಅದಕ್ಕೆ ಆಗಾಗ ಇಸಿಜಿ. ಚಿಕ್ಕ ಮಕ್ಕಳಿಗೆ, ಗರ್ಭಿಣಿಯರಿಗೆ ಈ ಪದ್ಧತಿ ಇಲ್ಲ, ಅವರಿಗೆ ಬೇರೆ ಪದ್ಧತಿಯೇ ಬೇಕು.

ಅಡ್ಡಪರಿಣಾಮ ತಡೆಯಲಾರದೆ ನಾಲ್ಕರಲ್ಲಿ ಒಂದು ಮಾತ್ರೆಯನ್ನಷ್ಟೇ ಬಿಟ್ಟರೂ ಅಪಾಯ. ಯಾವ ಬ್ಯಾಕ್ಟೀರಿಯಾದಲ್ಲಾದರೂ ಉಳಿದ ಔಷಧಗಳಲ್ಲೊಂದಕ್ಕೆ ಬಗ್ಗದ ಅಕ್ಷರ ಬದಲಾವಣೆ ಆಕಸ್ಮಿಕವಾಗಿ ಆಗಿದ್ದರೆ, ಅದನ್ನು ತಡೆಯುವ ಔಷಧ ಕಡಿಮೆಯಾಗಿ ಅದೇ ಬೆಳೆದು ನಿಲ್ಲುತ್ತದೆ. ತೊಂದರೆ ಶುರುವಾದ ದಿನವೇ ವೈದ್ಯರಿಗೆ ಹೇಳಬೇಕು ಅನ್ನೋದು ಇದಕ್ಕೇ: ಪ್ರಮಾಣ ಇಳಿಸಬೇಕೋ, ಔಷಧ ಬದಲಿಸಬೇಕೋ ಅಂತ ಅವರು ನಿರ್ಧರಿಸಬಹುದು. ಸುಮ್ಮನೆ ಬಿಟ್ಟ ಮಾತ್ರೆಯ ಲೆಕ್ಕ ಯಾವ ಯಂತ್ರದ ವರದಿಯಲ್ಲೂ ಬರುವುದಿಲ್ಲ.