ಕೆಲಸದ ಎಲ್ಲೆ ಮತ್ತು ಕೂಲಿ

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ತಂದೆಯವರು ಗೌಂಡಿ ಕೆಲಸದವರು. ಕಳೆದ ಎರಡು ವರ್ಷಗಳಿಂದ ಧಾರವಾಡದ ಸಪ್ತಾಪುರದ ನನ್ನ ಕೋಣೆಯಲ್ಲಿ ಕುಳಿತು, ಲೇಖಕರ ಹಸ್ತಪ್ರತಿಗಳನ್ನು ಗಣಕಯಂತ್ರದಲ್ಲಿ ಅಚ್ಚಿಗೆ ಸಿದ್ಧಪಡಿಸಿಕೊಟ್ಟು ಓದಿನ ವೆಚ್ಚ ನೀಗಿಸಿಕೊಳ್ಳುತ್ತಿದ್ದೇನೆ. ಈ ಡಿಟಿಪಿ ಕೆಲಸದಲ್ಲಿ ಅಕ್ಷರ ಜೋಡಿಸುವುದಕ್ಕಿಂತ ಕಠಿಣವಾದುದು, ಒಪ್ಪಿದ ಕೆಲಸ ಎಲ್ಲಿ ಮುಗಿಯಿತು, ಹೆಚ್ಚಿನ ಕೆಲಸ ಎಲ್ಲಿ ಮೊದಲಾಯಿತು ಎಂಬುದನ್ನು ಹೇಳುವುದು. ಇದನ್ನು ನಾನು ಕಲಿತದ್ದು ಒಂದೇ ಪುಸ್ತಕದಿಂದ.

ಮಾಳಮಡ್ಡಿಯ ನಿವೃತ್ತ ಶಿಕ್ಷಕರೊಬ್ಬರು ತಮ್ಮ ಪ್ರಬಂಧಗಳ ಹಸ್ತಪ್ರತಿಯನ್ನು ತಂದರು. ಕೈಬರಹದ ಹಾಳೆಯ ಮೇಲೆ ದರ ಹೇಳಬಾರದು. ಒಬ್ಬರ ಹಾಳೆಯಲ್ಲಿ ಹದಿನೈದು ಸಾಲು, ಇನ್ನೊಬ್ಬರದರಲ್ಲಿ ಮೂವತ್ತು. ಆದುದರಿಂದ ಡೆಮಿ 1/8 ಆಕಾರದ ಅಚ್ಚಿನ ಪುಟಕ್ಕೆ 30 ರೂಪಾಯಿ ಎಂದು ಗೊತ್ತುಮಾಡಿದೆವು. ಅದರಲ್ಲಿ ಎರಡು ಸಲದ ಕರಡು ತಿದ್ದುಪಡಿಯೂ ಸೇರಿತ್ತು. ಅಂದಾಜು 144 ಪುಟ, 4,320 ರೂಪಾಯಿ, ಮುಂಗಡ 1,500. ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು.

ಮೊದಲು ಅವರು ಎರಡು ಹೊಸ ಪ್ರಬಂಧ ಸೇರಿಸಿದರು. ಪುಟ 16 ಹೆಚ್ಚಿತು. ದರ ಪುಟದ ಮೇಲಿದ್ದುದರಿಂದ ಇದು ತಂಟೆಯಾಗಲಿಲ್ಲ. 480 ರೂಪಾಯಿ ತಾನಾಗಿಯೇ ಕೂಡಿತು. ಇಡೀ ಪುಸ್ತಕಕ್ಕೆ ಒಂದೇ ಮೊತ್ತ ಹೇಳಿದ್ದರೆ ಅದು ನನ್ನ ಮೈಮೇಲೆ ಬೀಳುತ್ತಿತ್ತು. ಮುಂದೆ ಹನ್ನೆರಡು ಹಳೆಯ ಭಾವಚಿತ್ರಗಳು ಬಂದವು. ಅನಂತರ ಮೂರನೆಯ ಕರಡಿನಲ್ಲಿ ನಲವತ್ತು ಪುಟಗಳ ವಾಕ್ಯಗಳನ್ನೇ ಹೊಸದಾಗಿ ಬರೆದರು. ಪ್ರತಿ ಸಲವೂ ಒಂದೇ ಮಾತು: “ತಮ್ಮಾ, ಇದೊಂದೀಟು ಮಾಡಿಕೊಡಪಾ. ಕಂಪ್ಯೂಟರಿನ್ಯಾಗ ಎಷ್ಟು ಹೊತ್ತಿನ ಕೆಲಸ ಅದು?” ಹಿರಿಯರೆಂಬ ಸಂಕೋಚದಿಂದ ನಾನು, “ಆಗಲ್ರಿ ಸರ್,” ಎಂದೆ. ಕೂಲಿಯ ಮಾತೆತ್ತಲಿಲ್ಲ.

ಕೊನೆಗೆ ಅವರು, ‘ನುಡಿ’ಯ ಹಳೆಯ ಅಕ್ಷರವಿನ್ಯಾಸದಲ್ಲಿದ್ದ ಪುಸ್ತಕವನ್ನು ಮೊಬೈಲಿನಲ್ಲಿ ಓದಲು ಯೂನಿಕೋಡಿಗೆ ಬದಲಿಸಿಕೊಡೆಂದರು. ಯಂತ್ರ ಇದನ್ನು ನಿಮಿಷದಲ್ಲಿ ಬದಲಿಸುತ್ತದೆ, ನಿಜ. ಆದರೆ ಹಳೆಯ ವಿನ್ಯಾಸದಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಸಂಕೇತಗಳು ಒಂದೇ ಆಗಿರುವುದರಿಂದ, ನಡುನಡುವೆ ಬಂದ ಇಂಗ್ಲಿಷ್ ಹೆಸರುಗಳು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿಬಿಡುತ್ತವೆ. ಒತ್ತಕ್ಷರಗಳೂ ಕೆಲವೆಡೆ ಕೆಡುತ್ತವೆ. ಆದ್ದರಿಂದ 160 ಪುಟಗಳನ್ನೂ ಮತ್ತೆ ಓದಬೇಕು. ಕೆಲಸ ಸಣ್ಣದೋ ದೊಡ್ಡದೋ ಎಂಬುದು ಗುಂಡಿ ಒತ್ತುವುದರಿಂದಲ್ಲ, ಪರಿಶೀಲನೆಯಿಂದ ತಿಳಿಯುತ್ತದೆ.

ಅಂದು ರಾತ್ರಿ ಹಾಳೆಯ ಮೇಲೆ ಲೆಕ್ಕ ಬರೆದೆ. ಮೊದಲು ಒಪ್ಪಿದ್ದು 4,320. ಹೊಸ ಪುಟಗಳಿಗೆ 480. ಮೂರನೆಯ ಕರಡಿನ 40 ಪುಟಗಳಿಗೆ ಹತ್ತರಂತೆ 400. ಚಿತ್ರಗಳಿಗೆ ಇಪ್ಪತ್ತರಂತೆ 240. ಯೂನಿಕೋಡಿನ ಮರುಓದಿಗೆ ಪುಟಕ್ಕೆ ಎಂಟರಂತೆ 1,280. ಒಟ್ಟು 6,720.

ಮರುದಿನ ನೋಡಿ ಅವರು ಬೆರಗಾದರು. “ಇದನ್ನೆಲ್ಲಾ ಮೊದಲ ಯಾಕ ಹೇಳಲಿಲ್ಲ?” ಎಂದರು. ಆ ಪ್ರಶ್ನೆ ನ್ಯಾಯವಾದುದೇ. 1872ರ ಭಾರತೀಯ ಕರಾರು ಕಾಯಿದೆಯ 70ನೆಯ ಕಲಮಿನಂತೆ, ಪುಕ್ಕಟೆಯ ಉದ್ದೇಶವಿಲ್ಲದೆ ನ್ಯಾಯವಾಗಿ ಮಾಡಿದ ಕೆಲಸದ ಲಾಭ ಪಡೆದವನು ಪರಿಹಾರ ಕೊಡಬೇಕು. ಆದರೆ ಪುಕ್ಕಟೆಯಲ್ಲವೆಂಬುದಕ್ಕೆ ಚಿತ್ರಗಳ ವಿಷಯದಲ್ಲಿ ನನ್ನ ಬಳಿ ಏನಿತ್ತು? “ಆಗಲ್ರಿ” ಎಂಬ ಮಾತು ಮಾತ್ರ. ಅದನ್ನು ಬಿಟ್ಟುಕೊಟ್ಟೆ.

ಮೂರನೆಯ ಕರಡಿನ ಮಾತು ಬೇರೆ. ನನ್ನ ತಪ್ಪುಗಳನ್ನು ಕೆಂಪು ಮಸಿಯಲ್ಲೂ ಲೇಖಕರ ಬದಲಾವಣೆಗಳನ್ನು ನೀಲಿಯಲ್ಲೂ ಗುರುತಿಸುವ ರೂಢಿ ಇಟ್ಟುಕೊಂಡಿದ್ದೆ. ಹಾಳೆಗಳನ್ನು ಮುಂದಿಟ್ಟೆ, ಎಲ್ಲವೂ ನೀಲಿ. ಚೀಟಿಯಲ್ಲಿ ಎರಡೇ ಕರಡು ಎಂದಿತ್ತು. ಅವರು ಓದಿ 400 ಒಪ್ಪಿದರು.

ಯೂನಿಕೋಡಿನ ಕೆಲಸ ಇನ್ನೂ ಮಾಡಿರಲಿಲ್ಲ. ಅದೇ ನನ್ನ ಬಲ. ಅವರು ದರ ಇಳಿಸೆಂದರು. ದರ ಇಳಿಸಿದರೆ ಓದುವ ಶ್ರಮ ಇಳಿಯುವುದಿಲ್ಲ, ಮುಂದಿನ ಪುಸ್ತಕಕ್ಕೂ ಅದೇ ದರವಾಗುತ್ತದೆ. ಆದುದರಿಂದ ಕೆಲಸವನ್ನೇ ಇಳಿಸಿದೆ: “ಸರ್, ಬದಲಿಸಿಕೊಡೋದು ನಂದು, ಓದಿ ತಿದ್ದೋದು ನಿಮ್ಮದು. ಹಂಗಾದ್ರ 200 ಸಾಕ್ರಿ.” ಅವರು ನಕ್ಕು, “ಓದೋದು ನನಗೇನು ಹೊಸದಲ್ಲ” ಎಂದರು. ಒಟ್ಟು 5,400. ಮುಂಗಡ ಕಳೆದು 3,900 ರೂಪಾಯಿ ಕೈಗೆ ಬಂತು. ನನ್ನ ಕೊನೆಯ ವರ್ಷದ ಶುಲ್ಕ ಅದರಲ್ಲೇ ಮುಟ್ಟಿತು.

ಊರಿಗೆ ಹೋದಾಗ ತಂದೆಯವರಿಗೆ ಇದನ್ನು ಹೇಳಿದೆ. ಗೋಡೆ ಕಟ್ಟುವಾಗ ಮನೆಯವರು ಒಂದು ಮಾಡ ಹೆಚ್ಚಿಗೆ ಕೇಳಿದರೆ ಅವರು ಕರಣೆ ಕೆಳಗಿಟ್ಟು ಮೊದಲು ಅದರ ಕೂಲಿ ಹೇಳುತ್ತಾರಂತೆ. ಆಮೇಲೆ ಇಟ್ಟಿಗೆ ಮುಟ್ಟುತ್ತಾರೆ. “ಮಾಡ ಕಟ್ಟಿದ ಮ್ಯಾಲ ಅದು ಗ್ವಾಡಿಯೊಳಗ ಸೇರಿತು. ಯಾರ ಲೆಕ್ಕಾ ಹಿಡೀತಾರ?” ಎಂದರು. 240 ರೂಪಾಯಿ ಕೊಟ್ಟು ನಾನು ಕಲಿತ ಪಾಠ ನಮ್ಮ ಮನೆಯಲ್ಲೇ ಇತ್ತು.