ಶೂನ್ಯ ತಾಪದಲ್ಲೂ ಬೆಳ್ಳಿಯ ಎಲೆಕ್ಟ್ರಾನ್‌ಗಳು ನಿಲ್ಲುವುದಿಲ್ಲವೇಕೆ?

ಪ್ರಶ್ನೆ: ನಿರಪೇಕ್ಷ ಶೂನ್ಯ ತಾಪದಲ್ಲೂ ಲೋಹದ ಎಲೆಕ್ಟ್ರಾನ್‌ಗಳಿಗೆ ಶಕ್ತಿ ಇರುತ್ತದೆ ಎಂದು ಓದಿದೆ. ಬಿಸಿಯೇ ಇಲ್ಲದಾಗ ಅದು ಎಲ್ಲಿಂದ ಬಂತು? ನಮ್ಮ ಬಿದರಿ ಸಾಮಾನಿನ ಬೆಳ್ಳಿಗೂ ಸತುವಿಗೂ ಅದು ಒಂದೇ ಇರುತ್ತದೆಯೇ?
– ಬಿ.ಎಸ್ಸಿ. ವಿದ್ಯಾರ್ಥಿ, ಭಾಲ್ಕಿ

ಉತ್ತರ: ಬೀದರ್ ನಗರದ ಕುಶಲಕರ್ಮಿಗಳು ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಕೆತ್ತಿದ ಗೆರೆಯೊಳಗೆ ಬೆಳ್ಳಿ ತಂತಿ ಕೂರಿಸುತ್ತಾರೆ. ಆ ಬೆಳ್ಳಿಯಿಂದಲೇ ಶುರುಮಾಡೋಣ. ಅದರ ಪ್ರತಿ ಪರಮಾಣು ಒಂದು ಎಲೆಕ್ಟ್ರಾನನ್ನು ಬಿಟ್ಟುಕೊಡುತ್ತದೆ. ಹಾಗಾಗಿ ಒಂದು ಘನ ಸೆಂಟಿಮೀಟರ್‌ನಲ್ಲಿ ಸುಮಾರು 5.9 × 10²² ಎಲೆಕ್ಟ್ರಾನ್‌ಗಳು ಅನಿಲದಂತೆ ಓಡಾಡುತ್ತಿರುತ್ತವೆ.

ಪೌಲಿ 1925ರಲ್ಲಿ ಹೇಳಿದ ನಿಯಮದಂತೆ ಚಲನೆಯ ಒಂದು ಸ್ಥಿತಿಯಲ್ಲಿ ಎರಡೇ ಎಲೆಕ್ಟ್ರಾನ್‌ಗಳಿಗೆ ಜಾಗ, ಅದೂ ಅವುಗಳ ಸ್ಪಿನ್ ಬೇರೆಯಾಗಿದ್ದರೆ ಮಾತ್ರ. ತಾಪ ಶೂನ್ಯಕ್ಕಿಳಿದರೂ ಎಲ್ಲವೂ ತಳದ ಸ್ಥಿತಿಗೆ ಇಳಿಯಲಾರವು. ಕೆಳಗಿನವು ತುಂಬಿದ ಮೇಲೆ ಉಳಿದವು ಮೇಲಿನ ಸ್ಥಿತಿಗಳನ್ನೇ ಹಿಡಿಯಬೇಕು. ಹೀಗೆ ಕೊನೆಯದಾಗಿ ತುಂಬಿದ ಸ್ಥಿತಿಯ ಶಕ್ತಿಯೇ ಫರ್ಮಿ ಶಕ್ತಿ. ನೀವು ಕೇಳಿದ ಶಕ್ತಿ ಬಿಸಿಯಿಂದ ಬಂದದ್ದಲ್ಲ, ಜಾಗದ ಇಕ್ಕಟ್ಟಿನಿಂದ ಬಂದದ್ದು.

ಶಕ್ತಿ ಏರಿದಂತೆ ಸ್ಥಿತಿಗಳು ಒತ್ತೊತ್ತಾಗುತ್ತವೆ. ಈ ಒತ್ತನ್ನು ಸ್ಥಿತಿ ಸಾಂದ್ರತೆ ಎನ್ನುತ್ತೇವೆ. ಅದು ಶಕ್ತಿಯ ವರ್ಗಮೂಲದಂತೆ ಬೆಳೆಯುತ್ತದೆ. ತಳದಿಂದ ಕೂಡಿಸುತ್ತ ಹೋದರೆ, n ಎಂಬುದು ಎಲೆಕ್ಟ್ರಾನ್ ಸಾಂದ್ರತೆಯಾದಾಗ, ಸಿಗುವ ಸೂತ್ರ:

E_F = (ħ²/2m)(3π²n)^(2/3)

ಬೆಳ್ಳಿಗೆ ಇದು 5.5 ಎಲೆಕ್ಟ್ರಾನ್ ವೋಲ್ಟ್. ಸತುವಿನ ಪರಮಾಣು ಎರಡು ಎಲೆಕ್ಟ್ರಾನ್ ಕೊಡುತ್ತದೆ, ಪರಮಾಣುಗಳೂ ತುಸು ಒತ್ತಾಗಿವೆ. ಹಾಗಾಗಿ ಅದರ n ಬೆಳ್ಳಿಯದರ 2.24 ಪಟ್ಟು. ಅದನ್ನು 2/3ರ ಘಾತಕ್ಕೇರಿಸಿದರೆ 1.71. ಆದ್ದರಿಂದ ಶುದ್ಧ ಸತುವಿನ ಫರ್ಮಿ ಶಕ್ತಿ ಸುಮಾರು 9.4 ಎಲೆಕ್ಟ್ರಾನ್ ವೋಲ್ಟ್. ಎರಡೂ ಒಂದೇ ಅಲ್ಲ.

ಔರಾದ್‌ನಲ್ಲಿ 42 ಡಿಗ್ರಿ ಬಿಸಿಲಿದ್ದರೂ ಶಾಖ ಕೊಡುವ ಶಕ್ತಿ ಬರೀ 0.027 ಎಲೆಕ್ಟ್ರಾನ್ ವೋಲ್ಟ್, ಬೆಳ್ಳಿಯ ಫರ್ಮಿ ಶಕ್ತಿಯ ಇನ್ನೂರರಲ್ಲೊಂದು ಪಾಲು. ಆಳದಲ್ಲಿರುವ ಎಲೆಕ್ಟ್ರಾನ್ ಅಷ್ಟು ಪಡೆದರೂ ಹೋಗಲು ಖಾಲಿ ಸ್ಥಿತಿ ಇಲ್ಲ. ಮೇಲಂಚಿನ ಕೆಲವು ಮಾತ್ರ ಶಾಖ ಹೀರುತ್ತವೆ. ಲೋಹದ ಎಲೆಕ್ಟ್ರಾನ್‌ಗಳು ಅಷ್ಟು ಕಡಿಮೆ ಶಾಖ ಹೀರುವುದೇಕೆ ಎಂಬ ಹಳೆಯ ಒಗಟನ್ನು ಸೊಮರ್‌ಫೆಲ್ಡ್ 1927ರ ಸುಮಾರಿಗೆ ಬಿಡಿಸಿದ್ದು ಹೀಗೆ.

ಲೆಕ್ಕ ಸರಿಯೇ ಎಂದು ತಿಳಿಯುವುದೂ ಇದೇ ಶಾಖದಿಂದ. ಲೋಹವನ್ನು ಕೆಲವೇ ಕೆಲ್ವಿನ್‌ಗೆ ತಂಪಾಗಿಸಿದಾಗ ಪರಮಾಣುಗಳ ಕಂಪನ ಅಡಗಿ, ಎಲೆಕ್ಟ್ರಾನ್‌ಗಳು ಹೀರುವ ಪಾಲು ಅಳತೆಗೆ ಸಿಗುತ್ತದೆ. ಬೆಳ್ಳಿಯಲ್ಲಿ ಅಳತೆಯೂ ಲೆಕ್ಕವೂ ಹೆಚ್ಚುಕಡಿಮೆ ಒಂದೇ. ಸತುವಿನಲ್ಲಿ ಅಳತೆ ಲೆಕ್ಕದ ಶೇ. 85ರಷ್ಟೇ, ಏಕೆಂದರೆ ಅಲ್ಲಿ ಅಯಾನುಗಳ ಸೆಳೆತ ಸ್ಥಿತಿ ಸಾಂದ್ರತೆಯನ್ನೇ ಬದಲಿಸುತ್ತದೆ. ಹಾಗಾಗಿ ಮುಕ್ತ ಎಲೆಕ್ಟ್ರಾನ್ ಲೆಕ್ಕವನ್ನು ಬೆಳ್ಳಿಗೆ ನೆಚ್ಚಿ ಬಳಸಿ, ಸತುವಿಗೆ ಮೊದಲ ಅಂದಾಜೆಂದು ಮಾತ್ರ ತೆಗೆದುಕೊಳ್ಳಿ.